ಮೂವತ್ತೇಳು ಮಂದಿ ಗ್ರೂಪಿಗೆ ನಾ ಇಟ್ಟ ಹೆಸರು

ನನ್ನ ಬಾಯಿ ಕೆಟ್ಟದ್ದು. ಇದನ್ನ ಮೊದಲೇ ಹೇಳಿಬಿಡ್ತೇನಿ, ಆಮ್ಯಾಲ ಯಾರೂ ನನಗ ಮೋಸ ಆಯ್ತು ಅನ್ನಬಾರದು. ಆಳಂದ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದಾಕಿ ನಾನು. ಹುಡುಗರು ನಾ ಕ್ಲಾಸಿಗೆ ಬರೂದು ನೋಡಿದ್ರ ಬಾಗಲದಾಗೇ ಚಪ್ಪಲ್ ಸದ್ದು ನಿಲ್ಲಿಸ್ತಿದ್ರು. ಮನ್ಯಾಗ ನನ್ನ ಗಂಡ, ಇಂವ ಪಾಪದ ಮನಿಷ್ಯಾ, 'ನಿನ್ನ ಕೂಡ ವಾದ ಮಾಡೂದಕ್ಕಿಂತ ಗ್ವಾಡಿ ಕೂಡ ಮಾಡೂದು ಚಲೋ, ಅದು ತಿರುಗಿ ಬೈಯಂಗಿಲ್ಲ' ಅಂತ ನಕ್ಕೊಂತನೇ ಇಷ್ಟು ವರ್ಷ ಕಳದಾನ. ಅಂಥ ಬಾಯಿಂದ ನಾ ಮಾಡಿದ ಒಂದು ಕೆಲಸ ಇಲ್ಲಿ ಬರಿಯಾಕತ್ತೇನಿ.

ನಮ್ಮಜ್ಜ ಅಫಜಲಪುರ ತಾಲೂಕಿನ ಭೀಮಾ ನದಿ ದಂಡಿ ಮ್ಯಾಲಿನ ಒಂದು ಹಳ್ಯಾಂವ. ನಾಲ್ಕು ಗಂಡಮಕ್ಕಳು, ಇಬ್ಬರು ಹೆಣ್ಣಮಕ್ಕಳು. ದೊಡ್ಡಪ್ಪ ಜೇವರ್ಗಿ ಕಡಿ ಹೋದ. ನಮ್ಮಪ್ಪ ಕಲ್ತು ಆಳಂದಕ್ಕ ಬಂದ. ಒಬ್ಬ ಕಾಕಾ ಅಫಜಲಪುರದಾಗೇ ಉಳಿದು ಹವಳಗಾದ ಸಕ್ಕರಿ ಕಾರ್ಖಾನಿಗೆ ಕಬ್ಬು ಕಡಿದ. ಕಡೀ ಕಾಕಾ ಹೈದರಾಬಾದಿಗೆ ಹೋಗಿ ಅಲ್ಲೇ ಬೇರು ಬಿಟ್ಟ. ಅತ್ತಿಗಳಲ್ಲಿ ಒಬ್ಬಾಕಿನ್ನ ಇಜೇರಿಗೆ ಕೊಟ್ಟಿದ್ರು, ಇನ್ನೊಬ್ಬಾಕಿನ್ನ ಸೊಲ್ಲಾಪುರಕ್ಕ. ಈ ಆರು ಮಂದಿಯಿಂದ ಆದ ಮೊಮ್ಮಕ್ಕಳು ಈಗ ಬದುಕಿರಾವರು ಮೂವತ್ತೇಳು. ಎಲ್ಲರಿಗಿಂತ ದೊಡ್ಡಾಂವಗ ಅರವತ್ತನಾಲ್ಕು, ಎಲ್ಲರಿಗಿಂತ ಸಣ್ಣಾಕಿಗೆ ಇಪ್ಪತ್ತೆರಡು. ಕಲಬುರಗಿ, ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರು, ಹಿಡಿ ಜ್ವಾಳ ಅಂಗಳಕ್ಕ ಒಗದಂಗ ಚದುರಿಬಿಟ್ಟೇವಿ.

ಅಫಜಲಪುರದ ಕಾಕಾ ತೀರಿಕೊಂಡಾಗ ಎಲ್ಲಾರೂ ಕೂಡಿದ್ವಿ. ಮಣ್ಣು ಕೊಟ್ಟು ಬಂದು ಗಿಡದ ನೆರಳಿಗೆ ಕುಂತಾಗ ಗೊತ್ತಾತು, ಅರ್ಧ ಮಂದಿಗೆ ಅರ್ಧ ಮಂದಿ ಗುರ್ತೇ ಇಲ್ಲ. ಮುಂಬೈದಿಂದ ಬಂದ ಹುಡುಗ ಒಬ್ಬ ನನಗ 'ಆಂಟಿ' ಅಂದ. 'ಆಂಟಿ ಅಲ್ಲಲೇ, ನಿಮ್ಮಪ್ಪನ ಅಣ್ಣನ ಮಗಳು ನಾನು, ನಿನಗ ಅಕ್ಕ ಆಗಬೇಕು' ಅಂತ ಅಲ್ಲೇ ಝಾಡಿಸಿದೆ. ಆಗ ಜೇವರ್ಗಿ ಅಣ್ಣ, ಅಂದ್ರ ದೊಡ್ಡಪ್ಪನ ಮಗ, ಮೂವತ್ತೇಳು ಮಂದಿಯೊಳಗ ಹಿರಿಯಾಂವ, ಬಸ್ಸಿನ ಕಂಡಕ್ಟರಾಗಿದ್ದಾಂವ, ಅಂದ: 'ಸತ್ತಾಗೇ ಕೂಡೂದಾದ್ರ ಹ್ಯಾಂಗ? ಎಳ್ಳ ಅಮಾಸಿ ಮುಂದಿನ ಐತವಾರ ಎಲ್ಲಾರೂ ಆಳಂದಕ್ಕ ಬರ್ರಿ. ಇಕಿ ಮನಿ ಮ್ಯಾಳಗಿ ದೊಡ್ಡದದ.' ಇಕಿ ಅಂದ್ರ ನಾನು. ಹೈದರಾಬಾದಿನ ಸಣ್ಣಾಕಿ, ಕಡೀ ಕಾಕಾನ ಮಗಳು, ವಕೀಲಕಿ ಓದಾಕಿ, ಅಲ್ಲೇ ಕುಂತು ಫೋನಿನ್ಯಾಗ ಗ್ರೂಪ್ ಮಾಡಿದಳು. ತನ್ನ ಜೋಡಿ ನನಗೂ ಅಡ್ಮಿನ್ ಮಾಡಿದಳು. 'ನೀ ಇದ್ರ ಎಲ್ಲಾರೂ ಅಂಜ್ತಾರ ಅಕ್ಕಾ' ಅಂದಳು. ಅದು ಹೊಗಳಿಕಿ ಅಂತ ತಿಳ್ಕೊಂಡೆ ನಾನು.

ಹೆಸರಿನ ಜಗಳ ಅವತ್ತೇ ಸುರು ಆತು. ಸಣ್ಣಾಕಿ ಮೊದಲು ಇಟ್ಟದ್ದು 'ಕಸಿನ್ಸ್ ಕಟ್ಟಾ'. ಕಟ್ಟಾ ಅಂದ್ರ ಮರಾಠ್ಯಾಗ ಹರಟಿ ಕಟ್ಟಿ, ಪುಣೆ-ಸೊಲ್ಲಾಪುರದವರು ಖುಷಿಯಾದ್ರು. ಬೆಂಗಳೂರಿನವರು 'ಇದೇನು ಯಾರನ್ನ ಕಟ್ಟಾಕ ಹೊಂಟೀರಿ' ಅಂದು ಬದಲಿ ಮಾಡಿದ್ರು. ಗ್ರೂಪಿನ ಹೆಸರು ಯಾರು ಬೇಕಾದ್ರೂ ಬದಲಿ ಮಾಡಬಹುದಿತ್ತು, ಬದಲಿ ಮಾಡಿದಾಗೊಮ್ಮೆ ಇಂಥಾವರು ಹಿಂಗ ಬದಲಿ ಮಾಡ್ಯಾರ ಅಂತ ನಡುವ ಒಂದು ಬೂದಿ ಬಣ್ಣದ ಸಾಲು ಬರ್ತಿತ್ತು. ಒಂದು ದಿನ ಮುಂಜಾನೆದ್ದು ನೋಡಿದ್ರ ಮಾತಿಗಿಂತ ಆ ಬೂದಿ ಸಾಲೇ ಜಾಸ್ತಿ. ಎತ್ತು ಏರಿಗೆಳದ್ರ ಕೋಣ ನೀರಿಗೆಳೀತು ಅಂತಾರಲ್ಲ, ಹಂಗ. ಯಾರೋ 'ಭೀಮಾ ತೀರ' ಅಂತ ಇಟ್ರು. 'ಹಂಗ ಇಟ್ರ ಪೊಲೀಸ್ರೂ ಬಂದು ಸೇರ್ಕೋತಾರ' ಅಂದ ಜೇವರ್ಗಿ ಅಣ್ಣ. ಯಾರೋ 'ಅಣ್ಣ-ತಂಗಿ ಬಳಗ' ಅಂತ ಇಟ್ರು. ಅದಕ್ಕ ಅಣ್ಣನ ಧ್ವನಿ ಮೆಸೇಜ್ ಬಂತು, ಹಿಂದ ಕುಕ್ಕರ್ ಸೀಟಿ ಕೇಳ್ತದ: 'ಲೇ, ನನ್ನ ಹೇಂತಿನೂ ಇದೇ ಗ್ರೂಪಿನ್ಯಾಗ ಹಾಳ. ಆಕಿ ನಮ್ಮ ಇಜೇರಿ ಅತ್ತಿ ಮಗಳು ಅನ್ನೂದು ಮರತೀರೇನು? ನಲವತ್ತು ವರ್ಷ ಸಂಸಾರ ಮಾಡೀನಿ, ಈಗ ತಂಗಿ ಮಾಡ್ತೀರಿ?' ಎಲ್ಲಾರೂ ನಕ್ವಿ. ನಮ್ಮಾಗ ಕಾಕಾನ ಮಕ್ಕಳು ಅಣ್ಣ-ತಂಗಿ ಆಗ್ತಾರ, ಅತ್ತಿ ಮಕ್ಕಳು ಗಂಡ-ಹೇಂತಿ ಆಗಬಹುದು. ಇಬ್ಬರಿಗೂ ಒಪ್ಪೂ ಹೆಸರು ನಮ್ಮ ಮಾತಿನ್ಯಾಗ ಇಲ್ಲೇ ಇಲ್ಲ.

ಸಾಕಾತು. ಸೆಟ್ಟಿಂಗ್ಸಿಗೆ ಹೋಗಿ, ಅಡ್ಮಿನ್ ಬಿಟ್ಟು ಬ್ಯಾರೆ ಯಾರೂ ಹೆಸರು ಮುಟ್ಟಬಾರದು ಅಂತ ಕೀಲಿ ಹಾಕಿದೆ. ಮಾಸ್ತರಿಣಿ ಬುದ್ಧಿ. ಆಮ್ಯಾಲ ನಾನೇ ಒಂದು ಹೆಸರು ಹೇಳಿದೆ: 'ಹಲಗಿಯವರ ಬಳಗ'.

ಹಲಗಿ ಅಂದ್ರ ನಮ್ಮಜ್ಜ ಬಾರಿಸ್ತಿದ್ದ ಚರ್ಮದ ವಾದ್ಯ. ಊರಾಗ ಯಾರು ಸತ್ರೂ ಹೆಣದ ಮುಂದ ಬಾರಿಸಾಂವ ಅಜ್ಜ. ಡಂಗುರ ಸಾರಾಂವ ಅಜ್ಜ. ಹೊಳಿ ಏರಿ ಬಂದ್ರ ಮಳ್ಯಾಗ ಓಣಿ ಓಣಿ ಹೋಗಿ ಬಾರಿಸಿ ಎಬ್ಬಿಸಾಂವ ಅಜ್ಜ. ಆದ್ರ ಕೂಲಿ ತಗೊಳ್ಳಾಕ ಮಾತ್ರ ಹೊಸ್ತಿಲದ ಹೊರಗ ನಿಂದ್ರಬೇಕು, ಮ್ಯಾಲಿಂದ ಉಡಿಗೆ ಜ್ವಾಳ ಸುರೀತಿದ್ರು. ಅದಕ್ಕ ನಾವು ಹಲಗಿಯವರು. ಆ ಕಡಿ ಮಂದಿಗೆ ಆ ಒಂದು ಶಬ್ದ ಹೇಳಿದ್ರ ಮುಗೀತು, ಯಾವ ಕೇರಿ, ಯಾವ ಜಾತಿ, ಎಲ್ಲಾ ಗೊತ್ತಾಗ್ತದ. ನಮ್ಮಪ್ಪ, ದೊಡ್ಡಪ್ಪ ಬೌದ್ಧ ದೀಕ್ಷಾ ತಗೊಂಡ ದಿನ ಆ ಹಲಗಿ ಹೊಳಿಗೆ ಬಿಟ್ಟುಬಂದ್ರು. ನಮಗ ಸಾಲ್ಯಾಗ ಹಚ್ಚುವಾಗ ಊರಿನ ಹೆಸರೇ ಅಡ್ಡಹೆಸರಾಗಿ ಬರಿಸಿದ್ರು.

ಅಷ್ಟಾದ್ರೂ ಸುಮ್ಮನ ಬಿಡಲಿಲ್ಲ ಮಂದಿ. ಸ್ಟಾಫ್ ರೂಮಿನ್ಯಾಗ ನನ್ನ ಹಿಂದ 'ಹಲಗಿ ಟೀಚರ್' ಅಂತಿದ್ರು, ನನಗ ಗೊತ್ತಿತ್ತು. ಒಬ್ಬಾಕಿ ನಾ ಕೊಟ್ಟ ಉಂಡಿ ಕರ್ಚೀಫಿನ್ಯಾಗ ಕಟ್ಟಿಕೊಂಡು ಹೋಗಿ ಸಾಲಿ ಹಿಂದ ನಾಯಿಗೆ ಹಾಕಿದ್ದು ಈ ಕಣ್ಣಲೇ ನೋಡೀನಿ. ಆವತ್ತಿಂದ ಒಂದು ಹಟ ಕುಂತಿತ್ತು ನನ್ನೊಳಗ. ಯಾವ ಶಬ್ದ ಅವರು ಬೆನ್ನ ಹಿಂದ ಅಂದ್ರೋ ಅದನ್ನ ನಾವು ಹಣಿ ಮ್ಯಾಲ ಬರ್ಕೊಂಡು ಅಡ್ಡಾಡಬೇಕು ಅಂತ. ಇದನ್ನೆಲ್ಲಾ ಉದ್ದಕ ಗ್ರೂಪಿನ್ಯಾಗ ಬರದೆ. ಸಣ್ಣಾಕಿ ಹತ್ತು ಮುಷ್ಟಿಯ ಚಿತ್ರ ಹಾಕಿ 'ಅಕ್ಕಾ, ಇದೇ ಫೈನಲ್' ಅಂದಳು. ಕಾಲೇಜಿನ ಹುಡುಗರಿಗೆಲ್ಲಾ ಹುರುಪು ಬಂತು. ಜೇವರ್ಗಿ ಅಣ್ಣ ಮಾತ್ರ, 'ನಮ್ಮಪ್ಪ ಹೊಳಿಗೆ ಬಿಟ್ಟದ್ದನ್ನ ನೀ ಫೋನಿನ್ಯಾಗ ಎತ್ತಿಕೊಂಡು ಬರ್ತಿ' ಅಂದ.

ವೋಟ್ ಹಾಕೂಣು ಅಂತ ಸಣ್ಣಾಕಿ ಗ್ರೂಪಿನ್ಯಾಗೇ ಪೋಲ್ ಇಟ್ಟಳು. ಮೂರು ಹೆಸರು: 'ಕಸಿನ್ಸ್ ಕಟ್ಟಾ', 'ಹಲಗಿಯವರ ಬಳಗ', ಮತ್ತ 'ರೊಟ್ಟಿ ಪುಂಡಿಪಲ್ಯ'. ಮೂರನೇದ್ದು ಹೇಳಿದಾಕಿ ಪುಣೆ ತಂಗಿ, ತೀರಿಕೊಂಡ ಅಫಜಲಪುರ ಕಾಕಾನ ಮಗಳು. ಮೊದಲನೇ ಸಲ ಗದ್ದಲಾತು. ಒಬ್ಬರು ಎಷ್ಟು ಬೇಕಾದ್ರೂ ಒತ್ತಬಹುದು ಅನ್ನೂ ಬಟನ್ ಬಂದ್ ಮಾಡೂದು ಸಣ್ಣಾಕಿ ಮರತಿದ್ಳು. ಸೊಲ್ಲಾಪುರದ ಹಿರ್ಯಾರು ಯಾರಿಗೂ ಬ್ಯಾಸರಾಗಬಾರದು ಅಂತ ಮೂರಕ್ಕೂ ಒತ್ತಿದ್ರು. ಮತ್ತೊಮ್ಮೆ ಪೋಲ್ ಇಟ್ವಿ. ಇದರಾಗ ಗುಪ್ತ ಮತದಾನ ಇಲ್ಲ, ಯಾರು ಯಾವುದಕ್ಕ ಒತ್ಯಾರ ಅಂತ ತಗದು ನೋಡಿದ್ರ ಹೆಸರು-ಫೋಟೋ ಸಮೇತ ಕಾಣ್ತದ. ನಾ ತಗದು ನೋಡಿದೆ. ಪುಣೆ ತಂಗಿ ಒತ್ತಿದ್ದು ರೊಟ್ಟಿ ಪುಂಡಿಪಲ್ಯಕ್ಕ.

ಮರುದಿನ ಮಧ್ಯಾಹ್ನ ಆಕಿನೇ ಫೋನ್ ಮಾಡಿದಳು.

'ಅಕ್ಕಾ, ಉಂಡೇನು?'

'ಉಂಡೆ. ಏನವಾ, ಸಣ್ಣ ದನಿಲೆ ಮಾತಾಡಾಕತ್ತಿ?'

'ಹೆಸರು ಏನರ ಇಡು. ಅದೊಂದು ಬ್ಯಾಡ.'

ಪುಣೆ ತಂಗಿ ಬಗ್ಗೆ ಇಲ್ಲಿ ಹೇಳಬೇಕು. ಗಂಡ ಒಂದು ಗೋದಾಮಿನ್ಯಾಗ ವಾಚಮನ್ ಇದ್ದ, ಮೆಟ್ಟಲ ಮ್ಯಾಲಿಂದ ಬಿದ್ದು ನಡ ಮುರಕೊಂಡು ಮನ್ಯಾಗ ಕುಂತ. ಮಗಳು ನರ್ಸಿಂಗ್ ಓದಾಕತ್ತಾಳ. ಮನಿ ನಿಂತದ್ದು ಇಕಿ ಬಡಿಯೂ ರೊಟ್ಟಿ ಮ್ಯಾಲ. ನಮ್ಮ ಕಡಿ ಖಡಕ್ ರೊಟ್ಟಿ, ಹಪ್ಪಳದಂಗ ತೆಳ್ಳಗ, ತಿಂಗಳಗಟ್ಟಲೆ ಕೆಡೂದಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ ಜೋಡಿ ಡಬ್ಬಿ ಕಟ್ಟಿ ದೊಡ್ಡ ದೊಡ್ಡ ಬಿಲ್ಡಿಂಗಿನ ಮನಿಗಳಿಗೆ ಕೊಡ್ತಿದ್ಳು. ಅವರೆಲ್ಲಾ ನಮ್ಮ ಜಿಲ್ಲಾದಿಂದ ಹೋಗಿ ಪುಣೆದಾಗ ನೆಲಿಸಿದವರು. ಈ ರೊಟ್ಟಿ ರುಚಿ ಗೊತ್ತಿದ್ದವರೇ ಅದನ್ನ ಕೊಳ್ಳಾವರು. ಮತ್ತ ಆ ರುಚಿ ಗೊತ್ತಿದ್ದವರಿಗೆ ನಮ್ಮ ಮನಿ ಹೆಸರಿನ ಅರ್ಥನೂ ಗೊತ್ತಿರ್ತದ. ಆಕಿ ಸುಳ್ಳು ಹೇಳಿರಲಿಲ್ಲ. ಅಫಜಲಪುರ ಕಡಿಯಾಕಿ ಅಂತ ಹೇಳಿದ್ಳು, ಉಳಿದದ್ದು ಅವರೇ ತಮಗ ಬೇಕಾದಂಗ ತಿಳ್ಕೊಂಡಿದ್ರು.

'ನಿನ್ನ ಫೋನಿನ ಗ್ರೂಪ್ ಹೆಸರು ಅವರ್ಯಾಕ ನೋಡ್ತಾರ?' ಅಂದೆ.

'ದಿನಾ ಫೋನ್ ಹಿಡ್ಕೊಂಡೇ ನಿಂತಿರ್ತೇನಿ ಅಕ್ಕಾ. ಆರ್ಡರ್ ಅದರಾಗೇ, ಫೋಟೋ ತೋರಿಸೂದು ಅದರಾಗೇ. ಒಮ್ಮೊಮ್ಮೆ ಅವರ ಕೈಯಾಗೇ ಕೊಡಬೇಕಾಗ್ತದ. ಮ್ಯಾಲ ಪಟಕ್ಕನ ಬಂದುಬಿಟ್ರ?'

'ಬಂದ್ರ ಬರ್ಲಿ. ನಿನಗ ನಾಚಿಕಿ ಬರ್ತದೇನು, ಅಜ್ಜನ ಹೆಸರು ಅಂದ್ರ?'

ಆಕಿ ಅಂದಳು, 'ನಾಚಿಕಿ ಅಲ್ಲ ಅಕ್ಕಾ. ನಿನ್ನ ಪೆನ್ಶನ್ ಸರ್ಕಾರ ಹಾಕ್ತದ, ಯಾರು ಏನೇ ಅನ್ನಲಿ ಒಂದನೇ ತಾರೀಖಿಗೆ ಬರ್ತದ. ನನಗ ಹಂಗಲ್ಲ. ಅವರು ಉಂಡ್ರ ನಾ ಉಣ್ತೇನಿ.'

ಈ ಮಾತಿಗೆ ನಾ ಅಲ್ಲೇ ಸುಮ್ಮನಾಗಬೇಕಿತ್ತು. ಆಗಲಿಲ್ಲ. 'ಹಿಂಗ ಅಂಜಿ ಅಂಜಿನೇ ನಾವು ಹಾಳಾದ್ವಿ' ಅಂತ ಸುರು ಮಾಡಿದೆ. ಅಪ್ಪ, ದೊಡ್ಡಪ್ಪ, ದೀಕ್ಷಾ, ಸ್ಟಾಫ್ ರೂಮು, ನಾಯಿಗೆ ಹಾಕಿದ ಉಂಡಿ, ಎಲ್ಲಾ ಹೇಳಿದೆ. ಕ್ಲಾಸಿನ್ಯಾಗ ಹೇಳಿದಂಗ ಹೇಳಿದೆ. ಕಡೀಕ 'ಅಷ್ಟು ಅಂಜಿಕಿ ಇದ್ರ ಗ್ರೂಪ್ ಮ್ಯೂಟ್ ಮಾಡ್ಕೊ, ಸದ್ದೂ ಬರೂದಿಲ್ಲ, ಮ್ಯಾಲೂ ಕಾಣೂದಿಲ್ಲ' ಅಂದೆ. ಹ್ಯಾಂಗ ಮಾಡೂದು ಅಂತ ಒಂದೊಂದಾಗಿ ಹೇಳಿಕೊಟ್ಟೆ: ಗ್ರೂಪಿನ ಹೆಸರು ಒತ್ತು, ಗಂಟಿ ಚಿತ್ರ ಒತ್ತು, 'ಯಾವಾಗಲೂ' ಅನ್ನೂದು ಆರಿಸು. 'ಆತು ಅಕ್ಕಾ' ಅಂದಳು. ಸಂಜಿಕ ಪೋಲ್ ತಗದು ನೋಡಿದ್ರ ಆಕಿ ವೋಟ್ ಬದಲಿ ಮಾಡಿದ್ಳು. ರೊಟ್ಟಿ ಪುಂಡಿಪಲ್ಯದ ಸಾಲಿನ್ಯಾಗ ಆಕಿ ಫೋಟೋ ಇಲ್ಲ, ಹಲಗಿಯವರ ಸಾಲಿನ್ಯಾಗ ಅದ. ಎಲ್ಲಾರೂ ನೋಡ್ತಾರಲ್ಲ, ಅಕ್ಕನ ಮಾತು ಮೀರಿದಂಗ ಕಾಣಬಾರದು ಅಂತ. ನಾ ಜೇವರ್ಗಿ ಅಣ್ಣಗ ಫೋನ್ ಮಾಡಿ, 'ನೋಡು, ಆಕಿನೂ ಒಪ್ಪಿದಳು' ಅಂದೆ. ನನಗ ಗೆದ್ದಂಗಾಗಿತ್ತು.

ಗೆದ್ದದ್ದು ನಮ್ಮ ಹೆಸರೇ. ನಾನೇ ಅಡ್ಮಿನ್, ನಾನೇ ಬೆರಳಲೆ ಟೈಪ್ ಮಾಡಿ ಇಟ್ಟೆ. ಪುಣೆ, ಹೈದರಾಬಾದಿನ ಮಕ್ಕಳಿಗೆ ಕನ್ನಡ ಓದಾಕ ಬರೂದಿಲ್ಲ, ಇಂಗ್ಲಿಷಿನ್ಯಾಗ ಇಡ್ರಿ ಅಂದ್ರು. 'ಕಲೀರಿ' ಅಂದೆ. ಅಜ್ಜನ ಫೋಟೋ ಯಾರ ಹಂತ್ಯಾಕೂ ಇರಲಿಲ್ಲ, ಸಣ್ಣಾಕಿ ಒಂದು ಹಲಗಿ ಚಿತ್ರ ಬಿಡಿಸಿ ಗ್ರೂಪಿನ ಫೋಟೋ ಮಾಡಿದಳು. ಆ ದಿನ ಮುಂಜಾನಿ ಹನ್ನೊಂದಕ್ಕ ಹೆಸರು ಇಟ್ರ ಒಂದು ತಾಸಿನ್ಯಾಗ ಚಪ್ಪಾಳಿ, ಹೂವು, ನೀಲಿ ಬಣ್ಣದ ಹೃದಯ, ಸುರಿಮಳಿ. ಎಲ್ಲಾರೂ ಏನರೆ ಒಂದು ಬರದ್ರು. ಜೇವರ್ಗಿ ಅಣ್ಣನೂ 'ಆಗಲಿ, ಬಿಡ್ರಿ' ಅಂದ. ಪುಣೆ ತಂಗಿ ಮಾತ್ರ ಏನೂ ಬರೀಲಿಲ್ಲ.

ನನಗ ಅದು ತಡೀಲಿಲ್ಲ. ಮೂವತ್ತಾರು ಮಂದಿ ಕೈ ಎತ್ತಿದ ಕ್ಲಾಸಿನ್ಯಾಗ ಒಬ್ಬಾಕಿ ತಲಿ ತಗ್ಗಿಸಿ ಕುಂತ್ರ ಮಾಸ್ತರಿಣಿ ಕಣ್ಣು ಆಕಿ ಮ್ಯಾಲೇ ಹೋಗ್ತದ. ಆಕಿ ಹೆಸರಿನ ಮುಂದ ಆ ಸುತ್ತಿದ '@' ಗುರ್ತು ಹಚ್ಚಿ, ಹೆಸರು ಹಿಡಿದು ಬರದೆ: 'ಯಾಕ ಬಾಯಿ ಮುಚ್ಕೊಂಡು ಕುಂತಿ? ನೀನೂ ಹಲಗಿಯವರ ಮಗಳು ಹೌದಿಲ್ಲೋ?'

ಗ್ರೂಪ್ ಮ್ಯೂಟ್ ಮಾಡಿದ್ರೂ, ಹಂಗ ಹೆಸರು ಹಿಡಿದು ಕರದ್ರ ಫೋನ್ ಸದ್ದು ಮಾಡ್ತದ, ಮೆಸೇಜ್ ಮ್ಯಾಲ ಬಂದು ನಿಂದರ್ತದ. ಮಂದಿ ನಡುವ ನಿನ್ನನ್ನೇ ಕರದಾರ ಅಂತ ತೋರಿಸಾಕ ಹಂಗ ಮಾಡ್ಯಾರ. ಮ್ಯೂಟ್ ಮಾಡೂದು ಕಲಿಸಿದಾಕಿಗೆ ಇದು ಗೊತ್ತಿರಲಿಲ್ಲ. ಅರ್ಧ ಗೊತ್ತಿದ್ದಾಕಿ ಇನ್ನೊಬ್ಬರಿಗೆ ಪಾಠ ಹೇಳಬಾರದು. ತಂಗಿ ಎರಡು ದಿನ ಬಿಟ್ಟು ಒಂದು ಕೈಮುಗಿದ ಚಿತ್ರ ಹಾಕಿದಳು. ನಾ ಅದಕ್ಕ 'ಶಾಬಾಸ್' ಅಂದೆ.

ಎಳ್ಳ ಅಮಾಸಿ ಮುಂದಿನ ಐತವಾರ ಬಂತು. ಮ್ಯಾಳಗಿ ಮ್ಯಾಲ ಪೆಂಡಾಲ್ ಹಾಕಿಸಿದ್ದೆ. ಬಾಗಲಿಗೆ ಗ್ರೂಪಿನ ಹೆಸರಿನದೇ ಫ್ಲೆಕ್ಸ್. ಮೂವತ್ತೊಂದು ಮಂದಿ ಬಂದ್ರು, ಗಂಡ-ಹೇಂತಿ-ಮಕ್ಕಳು ಬ್ಯಾರೆ. ಭಜ್ಜಿ, ಸಜ್ಜಿ ಕಡಬು, ಪುಂಡಿಪಲ್ಯ ಎಲ್ಲಾ ಮನ್ಯಾಗೇ ಮಾಡಿದ್ವಿ. ರೊಟ್ಟಿ ಅಷ್ಟು ಮಂದಿಗೆ ಬಡಿಯೂದು ಹ್ಯಾಂಗ ಅಂತ ಚಿಂತಿ ಇತ್ತು. ಪುಣೆ ತಂಗಿ ಒಂದು ವಾರ ಮೊದಲೇ 'ರೊಟ್ಟಿ ನಾ ತರ್ತೇನಿ ಅಕ್ಕಾ, ನೀ ಬಡಿಬ್ಯಾಡ' ಅಂದಿದ್ಳು.

ಬಸ್ಸಿಂದ ಇಳಿದಾಗ ಆಕಿ ಜೋಡಿ ನಾಲ್ಕು ದೊಡ್ಡ ಗಂಟು. ಮಗಳು ಎರಡು ಹಿಡಿದಿದ್ಳು, ತಾನು ಎರಡು. ಬಿಚ್ಚಿ ನೋಡಿದ್ರ ಖಡಕ್ ರೊಟ್ಟಿ, ದುಂಡಗ ಅಳತಿಗೆ ಹಚ್ಚಿದಂಗ, ನೂರಾರು. ಚಟ್ನಿ ಡಬ್ಬಿ ಬ್ಯಾರೆ. ಎಲ್ಲಾರೂ ಹೌಹಾರಿದ್ರು. 'ಎಷ್ಟು ಮಾಡಿಯವಾ, ಕೈ ನೋವು ಬರಲಿಲ್ಲೇನು' ಅಂತ ಅತ್ತಿ ಮಕ್ಕಳು ಆಕಿ ಕೈ ಹಿಡಿದು ನೋಡಿದ್ರು. ಆಕಿ ನಕ್ಕಳು. ನಾ ಆ ರೊಟ್ಟಿ ಕಟ್ಟಿನ ಮುಂದ ಆಕಿನ್ನ ನಿಂದ್ರಿಸಿ ಫೋಟೋ ತಗದು ಗ್ರೂಪಿಗೆ ಹಾಕಿದೆ, 'ಹಲಗಿಯವರ ಮಗಳ ಕೈ ರುಚಿ' ಅಂತ ಬರದು. ಆಕಿ ಸೆರಗು ಸರಿ ಮಾಡ್ಕೊಂಡು ನಿಂತಿದ್ಳು ಆ ಫೋಟೋದಾಗ. ಊಟ ಆತು, ಆಟ ಆತು, ಜೇವರ್ಗಿ ಅಣ್ಣ ಹಳೇ ಹಾಡು ಹಾಡಿದ. ಮುಂಬೈ ಹುಡುಗ ಈ ಸಲ ಅಕ್ಕ ಅಂದ.

ಸಂಜಿ ನಾಕರ ಹೊತ್ತಿಗೆ ಬಸ್ಸಿನವರು ಹೊಂಟ್ರು. ಉಳಿದ ರೊಟ್ಟಿ ಎಲ್ಲಾರಿಗೂ ಹಂಚಿ ಕಟ್ಟಿ ಕೊಡಾಕತ್ತಿದ್ಳು ತಂಗಿ. ನಾನು ಬಾಜೂಕ ಕುಂತು ಗಂಟಿನ ಅರಿವಿ ಮಡಚಾಕತ್ತಿದ್ದೆ. 'ನಿನ್ನ ಗಿರಾಕಿಗಳಿಗೆ ಉಳಿಸಿಕೊಳ್ಳವಾ, ಎಲ್ಲಾ ನಮಗೇ ಕೊಟ್ರ ಹ್ಯಾಂಗ' ಅಂದೆ.

'ಇವು ಅವರವೇ ಅಕ್ಕಾ,' ಅಂದಳು.

ನನಗ ತಿಳೀಲಿಲ್ಲ.

ಆಕಿ ಕೈ ನಿಲ್ಲಿಸಲಿಲ್ಲ. ರೊಟ್ಟಿ ಕಟ್ಟಿಕೊಂತನೇ ಹೇಳಿದಳು. ನಾ ಹೆಸರು ಇಟ್ಟ ದಿನ ಆಕಿ ಒಂದು ಮನಿಗೆ ಡಬ್ಬಿ ಕೊಡಾಕ ಹೋಗಿದ್ಳು. ಜೇವರ್ಗಿ ಕಡಿಯಾಕಿನೇ ಆ ಮನಿಯಾಕಿ. ಆಕಿನೇ ಇಕಿಗೆ ಬಿಲ್ಡಿಂಗಿನ ಗಿರಾಕಿಗಳನ್ನೆಲ್ಲಾ ಹಚ್ಚಿ ಕೊಟ್ಟಾಕಿ. ಮಗನ ಮದುವಿ ಇತ್ತಂತ, ಬೀಗರಿಗೆ ಕೊಡಾಕ ರೊಟ್ಟಿ-ಚಟ್ನಿ ಕಟ್ಟು ಬೇಕಂತ ಮೊದಲೇ ಹೇಳಿದ್ಳಂತ. ಹ್ಯಾಂಗ ಕಟ್ಟಿಕೊಡ್ತಿ ಅಂತ ಫೋಟೋ ನೋಡಾಕ ಫೋನ್ ಇಸಗೊಂಡಿದ್ಳು. ಒಂದೊಂದೇ ಫೋಟೋ ಸರಿಸಿ ನೋಡಾಕತ್ತಾಗ ಮ್ಯಾಲ ಬಂತು. ಮ್ಯಾಲಿನ ಸಾಲಿನ್ಯಾಗ ಗ್ರೂಪಿನ ಹೆಸರು, ಕೆಳಗ ನನ್ನ ಮಾತು. ಕನ್ನಡದಾಗ. ಆ ಮನಿಯಾಕಿ ಓದಿದಳು. ನಿಧಾನಕ ಓದಿದಳಂತ.

'ಏನಂದಳು?' ಅಂತ ಕೇಳಿದೆ.

'ಏನೂ ಅನ್ನಲಿಲ್ಲ. ಫೋನ್ ಕೈಗೆ ಕೊಡಲಿಲ್ಲ, ಕಟ್ಟಿ ಮ್ಯಾಲ ಇಟ್ಟಳು. ತಗೋರಿ ಅಂದಳು. ಅಲ್ಲೀ ತನಕ ತಗೋಳ್ವಾ ಅಂತಿದ್ಳು.'

ಒಂದು ವಾರದಾಗ ಒಬ್ಬೊಬ್ಬರದೇ ಮೆಸೇಜ್ ಬಂತಂತ. ಊರಿಗೆ ಹೊಂಟೇವಿ. ಡಾಕ್ಟರ್ ಬ್ಯಾಡ ಅಂದಾರ. ಅತ್ತಿಯವರು ಬಂದಾರ, ಮನ್ಯಾಗೇ ಬಡೀತಾರ. ಒಬ್ಬರೂ ಖರೇ ಕಾರಣ ಹೇಳಲಿಲ್ಲ. ಎಲ್ಲಾರೂ ಮರ್ಯಾದಿಲೇ ಬರದಿದ್ರು, 'ರೀ' ಹಚ್ಚಿ ಬರದಿದ್ರು. ಆ ಬಿಲ್ಡಿಂಗಿನವರು ಊಟದ ಆರ್ಡರಿಗೆ ಮಾಡಿದ ಗ್ರೂಪಿನ್ಯಾಗ ಇಕಿನೂ ಇದ್ದಳಂತ, ಅಲ್ಲಿಂದ ಒಂದು ದಿನ ಮಧ್ಯಾಹ್ನ ತಗದುಬಿಟ್ರು. ಮದುವಿ ಆರ್ಡರೂ ಬ್ಯಾಡ ಅಂದ್ರು, ಆ ರೊಟ್ಟಿ ಅಷ್ಟರಾಗ ಬಡಿದು ಮುಗಿದಿದ್ವು. ಆ ರೊಟ್ಟಿನೇ ನಾವು ಅವತ್ತು ಪೆಂಡಾಲಿನ್ಯಾಗ ಕುಂತು ಉಂಡದ್ದು. ನಾ ಮೂರು ಉಂಡಿದ್ದೆ.

ಈಗೇನು ಮಾಡ್ತಿ ಅಂದೆ. ಬ್ಯಾರೆ ಒಬ್ಬಾಕಿ ರೊಟ್ಟಿ ಕಾರ್ಖಾನಿ ಇಟ್ಟಾಳ, ಅಲ್ಲಿ ದಿನಗೂಲಿ ಮ್ಯಾಲ ಬಡಿಯಾಕ ಹೋಗ್ತೇನಿ ಅಂದಳು. ಅದೇ ರೊಟ್ಟಿ ಬ್ಯಾರೆ ಹೆಸರಿನ ಪಾಕೀಟಿನ್ಯಾಗ ಅದೇ ಬಿಲ್ಡಿಂಗಿಗೆ ಹೋಗ್ತಾವಂತ. ಅದನ್ನ ಹೇಳುವಾಗ ಆಕಿಗೆ ಸಿಟ್ಟೂ ಇರಲಿಲ್ಲ. ಸಿಟ್ಟು ಇದ್ರ ನನಗ ಎಷ್ಟೋ ಹಗುರಾಗ್ತಿತ್ತು. ಆ ಹೊತ್ತಿಗೆ ನನಗ ಅಳು ಬರಲಿಲ್ಲ, ಆ ಪುಣೆ ಮನಿಯಾಕಿ ಮ್ಯಾಲ ಬೆಂಕಿ ಬಂತು, ಅದರ ಹಿಂದ ನನ್ನ ಮ್ಯಾಲ ಬಂತು. ಫೋನ್ ತಗದೆ. ಗ್ರೂಪಿನ ಹೆಸರು ಅಳಿಸಬೇಕು ಅಂತ ಒತ್ತಿದೆ.

ತಂಗಿ ನನ್ನ ಕೈ ಹಿಡಿದಳು. 'ಬ್ಯಾಡ ಅಕ್ಕಾ. ಈಗ ತಗದ್ರ ಅವರು ಮಾಡಿದ್ದು ಖರೇ ಅಂದಂಗಾಗ್ತದ. ಹುಡುಗ್ರು ಖುಷಿಯಾಗ್ಯಾರ. ಇರಲಿ. ನನಗ ಇನ್ನ ಮುಚ್ಚಿಡೂದು ಏನೂ ಉಳಿದಿಲ್ಲ.'

'ನಾ ತಪ್ಪು ಮಾಡಿದೆನವಾ,' ಅಂದೆ.

'ಹೆಸರಿನ್ಯಾಗ ತಪ್ಪಿಲ್ಲ,' ಅಂದಳು. ಕಟ್ಟಿದ ರೊಟ್ಟಿ ಬದಿಗಿಟ್ಟು ನನ್ನ ಮುಖ ನೋಡಿದಳು. 'ನಾ ಬ್ಯಾಡ ಅಂದಿದ್ದೆ. ಹೆದರಿ ಅಂದಿರಬಹುದು. ಆದ್ರ ಬ್ಯಾಡ ಅಂದಿದ್ದೆ. ನೀ ಕೇಳ್ಲಿಲ್ಲ.'

ಬಸ್ಸು ಹತ್ತುವಾಗ ಕಾಲಿಗೆ ನಮಸ್ಕಾರ ಮಾಡಿದಳು, ಯಾವಾಗಲೂ ಮಾಡಿದಂಗ. ಮಗಳು ಮಾಡಲಿಲ್ಲ.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತ ನಾನೇ ಎಷ್ಟೋ ಹುಡುಗರಿಗೆ ಬೋರ್ಡಿನ ಮ್ಯಾಲ ಬರದು ಕಾಪಿ ಹೊಡಿಸೀನಿ. ಆ ಮನಿಯಾಕಿ ಮಾಡಿದ್ದು ಜಾತಿ ಕೆಲಸ, ಅದನ್ನ ನಾ ಎಂದೂ ಮಾಫ್ ಮಾಡಂಗಿಲ್ಲ. ಆದ್ರ ಆಕಿ ಕೈಗೆ ಆ ಹೆಸರು ಒಯ್ದು ಕೊಟ್ಟಾಕಿ ನಾನು. ನನಗ ಅಭಿಮಾನ ಬೇಕಾಗಿತ್ತು, ಅದರ ಬೆಲಿ ಕೊಟ್ಟಾಕಿ ತಂಗಿ. ಸಣ್ಣಾಕಿಗೆ ಹೇಳಿದೆ. 'ಕೇಸ್ ಹಾಕೂಣು ಅಕ್ಕಾ' ಅಂದಳು. ಯಾರ ಮ್ಯಾಲ? ರೊಟ್ಟಿ ಕೊಳ್ಳಲಿಲ್ಲ ಅಂತ ಯಾರ ಮ್ಯಾಲ ಕೇಸ್ ಹಾಕ್ತಿ?

ಈಗ ಆ ಗ್ರೂಪ್ ಚೆಂದ ನಡದದ. ದಿನಾ ಮುಂಜಾನಿ ಹೂವಿನ ಚಿತ್ರ, ಹುಟ್ಟಿದ ಹಬ್ಬ, ಮಗುವಿನ ಹಲ್ಲು ಬಂತು, ಯಾಡ್ರಾಮಿಯಾಗ ಯಾರೋ ಪ್ಲಾಟ್ ಮಾರಾಕತ್ತಾರ. ತಂಗಿ ಫೋನ್ ಮಾಡಿದ್ರ ಎತ್ತತಾಳ. ಗಂಡನ ನಡ, ಮಗಳ ಪರೀಕ್ಷಾ, ಎಲ್ಲಾ ಹೇಳ್ತಾಳ. ಗ್ರೂಪಿನ ಮಾತು ಆಕಿ ತಗಿಯೂದಿಲ್ಲ, ನಾನೂ ತಗಿಯೂದಿಲ್ಲ. ಗ್ರೂಪ್ ಬಿಟ್ಟೂ ಹೋಗಿಲ್ಲ. ಬಿಟ್ರ ಅಡ್ಮಿನ್‌ಗೆ ಗೊತ್ತಾಗ್ತದ, ನನಗ ನೋವಾಗ್ತದ ಅಂತ ಇರಬೇಕು.

ಹೋದ ವಾರ ನಾ ಗ್ರೂಪಿನ್ಯಾಗ ಎಲ್ಲಾರ ಮುಂದ ಬರದೆ. ಏನಾತು ಅನ್ನೂದು ಪೂರ್ತಿ ಬರದೆ, ಕಡೀಕ 'ಪುಣೆ ತಂಗಿ, ನೀ ಬ್ಯಾಡ ಅಂದಿದ್ದಿ, ನಾ ಕೇಳ್ಲಿಲ್ಲ, ತಪ್ಪು ನಂದು' ಅಂತ ಬರದೆ. ಆಕಿ ಹೆಸರಿಗೆ ಗುರ್ತು ಹಚ್ಚಲಿಲ್ಲ. ಆಕಿ ಫೋನ್ ಯಾರ ಮುಂದ ಇದ್ದೀತೋ ಯಾರಿಗೆ ಗೊತ್ತು. ಜೇವರ್ಗಿ ಅಣ್ಣ ಧ್ವನಿ ಮೆಸೇಜ್ ಕಳಿಸಿದ, ಅದರಾಗ ಮಾತೇ ಇರಲಿಲ್ಲ, ಬರೇ ಉಸಿರು. ಸಣ್ಣಾಕಿ ಅತ್ತಳು. ಉಳಿದವರು ಕೈಮುಗಿದ್ರು.

ನಾವು ಕಳಿಸಿದ ಮೆಸೇಜನ್ನ ಒತ್ತಿ ಹಿಡಿದು ಮಾಹಿತಿ ತಗದ್ರ ಎರಡು ಪಟ್ಟಿ ಕಾಣ್ತಾವ. ಓದಿದವರದು ಒಂದು, ಬರೇ ಮುಟ್ಟಿದವರದು ಒಂದು, ಅಂದ್ರ ಫೋನಿಗೆ ಬಂದ್ರೂ ತಗದು ಓದದವರದು. ನಾ ದಿನಾ ತಗದು ನೋಡ್ತೇನಿ. ಇವತ್ತೂ ನೋಡಿದೆ. ಓದಿದವರ ಪಟ್ಟಿಯಾಗ ಮೂವತ್ತೈದು ಮಂದಿ ಹಾರ. ಮುಟ್ಟಿದವರ ಪಟ್ಟಿಯಾಗ ಆಕಿ ಒಬ್ಬಾಕಿನೇ ಹಾಳ.